ಸಪ್ತಾಪುರದ ಮನೆ, 8 ಲಕ್ಷದ ಕೊಟೇಶನ್: ಲಾಭ ಎಲ್ಲಿ ಉಳಿಯಿತು, ಎಲ್ಲಿ ಸೋರಿತು

ಧಾರವಾಡದ ಸಪ್ತಾಪುರದಲ್ಲಿರುವ ಆ ಮನೆಯನ್ನು ನೋಡಲು ನಾನು ಮೊದಲ ಸಲ ಹೋದಾಗ ಮಳೆಗಾಲ ಮುಗಿದು ಒಂದು ತಿಂಗಳಾಗಿತ್ತು. ಮೂವತ್ತು ವರ್ಷದ ಮನೆ. ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಪುಣೆಯಲ್ಲಿರುವ ಬಸುರಿ ಮಗಳ ಕುಬುಸ ಶಿವರಾತ್ರಿ ಆದಮೇಲೆ ಇತ್ತು, ಅಷ್ಟರೊಳಗೆ ಮನೆ ಸಿದ್ಧವಾಗಬೇಕು. ಅಡಿಗೆಮನೆ ಒಡೆದು ಹೊಸದಾಗಿ ಮಾಡುವುದು, ಎರಡು ಮಲಗುವ ಕೋಣೆಗೆ ವಾರ್ಡ್‌ರೋಬ್, ಹಾಲ್‌ಗೆ ಫಾಲ್ಸ್ ಸೀಲಿಂಗ್ ಮತ್ತು ಟಿವಿ ಯೂನಿಟ್, ಒಂದಿಷ್ಟು ವೈರಿಂಗ್, ಇಡೀ ಮನೆಗೆ ಬಣ್ಣ. ಯಜಮಾನರು ಶುರುವಿಗೇ ಹೇಳಿಬಿಟ್ಟರು: "ನೋಡ್ರಿ, ಒಂದ ರೇಟ್ ಹೇಳ್ರಿ. ಆಮ್ಯಾಲೆ ಅದಾತು, ಇದಾತು ಅಂತ ಬರಬ್ಯಾಡ್ರಿ."

ಅವರು ಕೇಳಿದ್ದು ನ್ಯಾಯವೇ. ಆದರೆ ಹಿಂದಿನ ವರ್ಷ ಹುಬ್ಬಳ್ಳಿಯಲ್ಲಿ ಇದೇ ಮಾತಿಗೆ ಒಪ್ಪಿ ಮೂರು ತಿಂಗಳು ದುಡಿದಿದ್ದೆ, ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಹನ್ನೊಂದು ಸಾವಿರ. ಅದಕ್ಕೇ ಈ ಸಲದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬರೆದಿಟ್ಟುಕೊಂಡೆ. ಇಲ್ಲಿರುವ ದರಗಳು ನನ್ನ ಆ ಕೆಲಸದವು. ನಿಮ್ಮ ಊರಿನ ದರ ಬೇರೆ ಇದ್ದೀತು, ಲೆಕ್ಕದ ದಾರಿ ಇದೇ.

ಮೊದಲ ದಿನ ಟೇಪ್ ಹಿಡಿದು ಅಳತೆ ತೆಗೆದುಕೊಂಡು ಬಂದು, ರಾತ್ರಿ ಕೂತು ಮಾಡಿದ ಅಂದಾಜು ಹೀಗಿತ್ತು. ಅಡಿಗೆಮನೆಯ ಒಡೆಯುವ ಕೆಲಸ, ಕಟ್ಟೆ, ಟೈಲ್ಸ್, ನಳದ ಕೆಲಸಕ್ಕೆ 1,15,000. ಅಡಿಗೆಮನೆಯ ಕಟ್ಟಿಗೆ ಕೆಲಸ 1,60,000. ವಾರ್ಡ್‌ರೋಬ್ ಎರಡಕ್ಕೆ 1,15,000. ಹಾಲ್‌ಗೆ 90,000. ವೈರಿಂಗ್ 45,000, ಬಣ್ಣ 75,000. ಮಾಲು, ಕೂಲಿ, ಹಮಾಲಿ, ಟಂಟಂ ಬಾಡಿಗೆ ಎಲ್ಲ ಕೂಡಿ ಸರಿಯಾಗಿ 6 ಲಕ್ಷ. ಹಳೆಯ ರೂಢಿಯಂತೆ ಅದರ ಮೇಲೆ 20 ಪರ್ಸೆಂಟ್ ಹಾಕಿದರೆ 7,20,000. ಒಂದು ಲಕ್ಷ ಇಪ್ಪತ್ತು ಸಾವಿರ ಲಾಭ ಅಂತ ಕಂಡಿತು. ಹುಬ್ಬಳ್ಳಿಯ ಕೆಲಸದಲ್ಲೂ ಹೀಗೇ ಕಂಡಿತ್ತು.

ಆ 1,20,000 ಲಾಭವಲ್ಲ. ಆ ರೊಕ್ಕದಲ್ಲೇ ನನ್ನ ಅಂಗಡಿಯೂ ನಡೆಯಬೇಕು. ಗೋಡೌನ್ ಬಾಡಿಗೆ 9 ಸಾವಿರ, ಸೂಪರ್‌ವೈಸರ್ ಹುಡುಗನ ಪಗಾರ 18 ಸಾವಿರ, ಪೆಟ್ರೋಲ್ ಮತ್ತು ಫೋನ್ 6 ಸಾವಿರ, ಮಷಿನ್ ರಿಪೇರಿ ಮತ್ತು ಲೆಕ್ಕ ಬರೆಯುವವರಿಗೆ 7 ಸಾವಿರ, ನನ್ನ ಮನೆಗೆ ನಾನು ತೆಗೆದುಕೊಳ್ಳುವ ಪಗಾರ 25 ಸಾವಿರ. ತಿಂಗಳಿಗೆ 65 ಸಾವಿರ. ನಾನು ಒಂದೇ ಹೊತ್ತಿಗೆ ಎರಡು ಸೈಟ್ ನಡೆಸುತ್ತೇನೆ, ಹಾಗಾಗಿ ಒಂದು ಸೈಟ್ ಹೊರಬೇಕಾದದ್ದು 32,500. ತಿಂಗಳಿಗೆ 26 ಕೆಲಸದ ದಿನ ಹಿಡಿದರೆ ದಿನಕ್ಕೆ 1,250. ಸೈಟಿನಲ್ಲಿ ಒಬ್ಬನೂ ಕೆಲಸ ಮಾಡದಿದ್ದರೂ ಈ 1,250 ಹೋಗುತ್ತಲೇ ಇರುತ್ತದೆ.

ಎರಡು ತಿಂಗಳಲ್ಲಿ ಕೆಲಸ ಮುಗಿದರೆ 65 ಸಾವಿರ ಇದಕ್ಕೇ ಹೋಗಿ 55 ಸಾವಿರ ಉಳಿಯುತ್ತದೆ. ಮೂರು ತಿಂಗಳು ಎಳೆದರೆ ಉಳಿಯುವುದು 22,500. ಅಲ್ಲಿಗೆ ಗೋಡೆಯೊಳಗೆ ಒಂದು ಪೈಪು ಕೈಕೊಟ್ಟರೆ ಮುಗಿಯಿತು. ಪ್ಲೈವುಡ್ ರೇಟ್ ಏರಿತು, ಅದಕ್ಕೇ ಲುಕ್ಸಾನ ಆಯಿತು ಎಂದು ನಮ್ಮವರು ಸದಾ ಹೇಳುತ್ತಾರೆ. ನಾನು ನೋಡಿದ ಮಟ್ಟಿಗೆ ಪ್ಲೈವುಡ್‌ನಿಂದ ಮುಳುಗಿದವರು ಕಡಿಮೆ. ಮುಳುಗಿಸುವುದು ದಿನಗಳು, ಮತ್ತು ನಾವು ನೋಡದೆ ಬಿಟ್ಟ ಗೋಡೆಗಳು.

ಆದ್ದರಿಂದ ಕೊಟೇಶನ್ ಕೊಡುವ ಮೊದಲು ಇನ್ನೊಂದು ಸಲ ಹೋದೆ. ಈ ಸಲ ಟೇಪಿನ ಜೊತೆ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಓಳಂಬ, ಸುತ್ತಿಗೆ, ಟೆಸ್ಟ್ ಲ್ಯಾಂಪ್, ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಮತ್ತು ಅಗಲದ ಟೇಪು ಇದ್ದವು. ಜೊತೆಗೆ ನಮ್ಮ ಗೌಂಡಿಯನ್ನೂ ಕರೆದುಕೊಂಡು ಹೋಗಿದ್ದೆ.

ಅಡಿಗೆಮನೆಯ ಮುಖ್ಯ ಗೋಡೆಗೆ ಓಳಂಬ ಬಿಟ್ಟಾಗ ಏಳು ಅಡಿ ಎತ್ತರದಲ್ಲಿ 22 ಮಿಲಿಮೀಟರ್ ವಾಲಿದ್ದು ಗೊತ್ತಾಯಿತು. ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಈ ಗೋಡೆಗೆ ನೆಟ್ಟಗಿನ ಕ್ಯಾಬಿನೆಟ್ ತಂದು ನಿಲ್ಲಿಸಿದರೆ ಮೇಲೆ ಹೆಬ್ಬೆರಳು ಹೋಗುವಷ್ಟು ಸಂದು ಬೀಳುತ್ತದೆ. ಟೈಲ್ಸ್ ಅಂಟಿಸುವ ಗಮ್ಮಿನಿಂದ ಅಷ್ಟು ದಪ್ಪ ತುಂಬಲು ಬರುವುದಿಲ್ಲ. ಹಳೆಯ ಗಿಲಾವು ಕೆರೆದು ಹೊಸದಾಗಿ ಓಳಂಬಕ್ಕೆ ಮಾಡಬೇಕು. ಗೌಂಡಿ ಲೆಕ್ಕ ಹಾಕಿ 9 ಸಾವಿರ ಅಂದ.

ಎರಡನೆಯದು ವೈರಿಂಗ್. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಫೇಸಿಗೆ, ಇನ್ನೊಂದನ್ನು ನ್ಯೂಟ್ರಲ್‌ಗೆ ಹಿಡಿದರೆ ಬಲ್ಬು ಉರಿಯಿತು. ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೆ ಉರಿಯಲಿಲ್ಲ. ಮೂರು ತೂತಿನ ಪ್ಲಗ್ ಇತ್ತು, ಬಿಚ್ಚಿ ನೋಡಿದರೆ ಹಿಂದೆ ಬಂದದ್ದು ಎರಡೇ ವೈರು. ಓವನ್, ಗ್ರೈಂಡರ್, ಚಿಮಣಿ ಎಲ್ಲ ಬರಲಿರುವ ಅಡಿಗೆಮನೆಗೆ ಅರ್ಥ್ ಇಲ್ಲದೆ ಕೈ ಹಾಕುವಂತಿಲ್ಲ. ಬೋರ್ಡಿನಿಂದ ಹೊಸ ಲೈನ್ ಎಳೆಯಲು ಇನ್ನೂ 14 ಸಾವಿರ. ಇದನ್ನು ನೋಡದೆ ಕೊಟೇಶನ್ ಕೊಟ್ಟಿದ್ದರೆ "ಅಡಿಗಿಮನಿ ವೈರಿಂಗ್ ನಿಮ್ದ ಅಲ್ಲೇನ್ರಿ" ಅಂದಾಗ ನನ್ನ ಬಾಯಿ ಕಟ್ಟಿಹೋಗುತ್ತಿತ್ತು.

ಮೂರನೆಯದು ಸಿಂಕಿನ ಹಿಂದಿನ ಗೋಡೆ. ಅದರ ಆಚೆ ಬಚ್ಚಲು. ಸುತ್ತಿಗೆಯ ಹಿಡಿಕೆಯಿಂದ ಕುಟ್ಟಿದರೆ ಒಂದು ಕಡೆ ಟೊಳ್ಳು ಸಪ್ಪಳ, ಕೆಳಗೆ ಬಣ್ಣ ಪದರು ಎದ್ದು ಬಿಳಿ ಉಪ್ಪು ಬಿಟ್ಟಿತ್ತು. ಅಲ್ಲಿ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಗಾಳಿಯಾಡದಂತೆ ಟೇಪ್ ಹಚ್ಚಿ ಎರಡು ದಿನ ಬಿಟ್ಟು ಬಂದೆವು. ಹಾಳೆಯ ಹೊರಮೈಯಲ್ಲಿ ಹನಿ ಕೂತರೆ ಅದು ಕೋಣೆಯ ಗಾಳಿಯ ತೇವ. ಒಳಮೈಯಲ್ಲಿ, ಅಂದರೆ ಗೋಡೆಯ ಕಡೆ ಕೂತರೆ ನೀರು ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಎರಡು ದಿನ ಬಿಟ್ಟು ನೋಡಿದಾಗ ಒಳಮೈ ಪೂರ್ತಿ ಹನಿ ಹನಿ. ಧಾರವಾಡದ ಮಳೆ ಹುಬ್ಬಳ್ಳಿಗಿಂತ ಜಾಸ್ತಿ, ಇಲ್ಲಿನ ಹಳೆಯ ಗೋಡೆಗಳು ಮಳೆಯಾದ ಮೇಲೂ ಬಹಳ ದಿನ ಹಸಿಯಾಗಿರುತ್ತವೆ, ಇದೂ ಅದೇ ಇರಬಹುದು ಅಂತ ಒಂದು ಗಳಿಗೆ ಅನ್ನಿಸಿತು. ಆದರೆ ಹೊರಗೋಡೆಗೆ ಇದೇ ಹಾಳೆ ಹಚ್ಚಿ ನೋಡಿದಾಗ ಅದು ಒಣಗಿತ್ತು. ಒಳಗೋಡೆ ಹಸಿ, ಹೊರಗೋಡೆ ಒಣ ಅಂದಮೇಲೆ ಇದು ಮಳೆ ನೀರಲ್ಲ, ನಳದ ನೀರೋ ಬಚ್ಚಲಿನ ನೀರೋ ಇರಬೇಕು.

ಯಜಮಾನರ ಒಪ್ಪಿಗೆ ಕೇಳಿ ಸಿಂಕಿನ ಕೆಳಗೆ ಒಂದು ಟೈಲ್ಸ್ ಒಡೆಸಿದೆ. ಒಳಗೆ ತುಕ್ಕು ಹಿಡಿದ ಜಿಐ ಪೈಪು. ಬೆರಳಿನಿಂದ ಉಜ್ಜಿದರೆ ಪದರು ಪದರು ಉದುರುತ್ತಿತ್ತು. ಇದು ಎಷ್ಟು ದೂರ ಹೋಗಿದೆ, ಯಾವ ಗೋಡೆಯಲ್ಲಿ ತಿರುಗಿದೆ ಎಂದು ಪೂರ್ತಿ ಒಡೆಯದೆ ಯಾರೂ ಹೇಳಲಾರರು.

ಇಲ್ಲಿ ಕೊಟೇಶನ್ ಬರೆಯುವವನ ಮುಂದೆ ಮೂರು ದಾರಿ ಇರುತ್ತವೆ. ಗೊತ್ತಿಲ್ಲದ ಪೈಪಿಗೆ ಅಂದಾಜಿನ ಮೇಲೆ ನಲವತ್ತು ಸಾವಿರ ಸೇರಿಸಿದರೆ ಕೆಲಸ ಬೇರೆಯವರ ಪಾಲಾಗುತ್ತದೆ. ಏನೂ ಸೇರಿಸದೆ ದೇವರ ಮೇಲೆ ಭಾರ ಹಾಕಿದರೆ ಪೈಪಿನ ದುಡ್ಡು ನನ್ನ ಜೇಬಿನಿಂದ ಹೋಗುತ್ತದೆ. ನಾನು ಹಿಡಿದದ್ದು ಮೂರನೆಯದು: ಮೊತ್ತಕ್ಕೆ ಸೇರಿಸದೆ, ಅದರ ದರವನ್ನು ಕೊಟೇಶನ್ನಿನಲ್ಲೇ ಕಟ್ಟಿಹಾಕುವುದು. ಹಾಗಾಗಿ ಹೀಗೆ ಬರೆದೆ: "ಗೋಡೆ ಒಡೆದಾಗ ಕೆಟ್ಟ ನೀರಿನ ಪೈಪು ಕಂಡರೆ, ಅದನ್ನು ತೆಗೆದು ಸಿಪಿವಿಸಿ ಪೈಪು ಹಾಕಿ, ಸಂದು ಮುಚ್ಚಿ, ಒತ್ತಡ ಪರೀಕ್ಷೆ ಮಾಡಿಕೊಡಲು ಒಂದು ಅಡಿಗೆ 280 ರೂಪಾಯಿ. ಮುಚ್ಚುವ ಮೊದಲು ಮನೆಯವರ ಎದುರೇ ಅಳತೆ. ಈ ಮೊತ್ತ ಮೇಲಿನ ಬೆಲೆಯಲ್ಲಿ ಸೇರಿಲ್ಲ." ದರ ಮೊದಲೇ ಗೊತ್ತಿದ್ದರೆ ಗೋಡೆ ಒಡೆದು ನಿಂತಾಗ ಚೌಕಾಶಿ ಆಗುವುದಿಲ್ಲ. ಆ ಹೊತ್ತಿನ ಚೌಕಾಶಿಯಲ್ಲಿ ಇಬ್ಬರಿಗೂ ಇನ್ನೊಬ್ಬ ಮೋಸ ಮಾಡುತ್ತಿದ್ದಾನೆ ಎನ್ನಿಸುತ್ತದೆ.

ಟೈಲ್ಸ್, ಗ್ರಾನೈಟ್, ಹಿಂಜು-ಚಾನಲ್ಲುಗಳಿಗೂ ಹೆಚ್ಚುಕಡಿಮೆ ಇದೇ ಉಪಾಯ. ಅವು ಇನ್ನೂ ಆಯ್ಕೆಯಾಗಿಲ್ಲ, ಆದರೂ ಬೆಲೆ ಹೇಳಬೇಕು. ಆದ್ದರಿಂದ "ಗೋಡೆ ಟೈಲ್ಸ್ ಚದರಡಿಗೆ 55 ರೂಪಾಯಿವರೆಗೆ, ಮೇಲಾದರೆ ವ್ಯತ್ಯಾಸ ಮನೆಯವರದು, ಕಡಿಮೆಯಾದರೆ ಅಷ್ಟನ್ನು ಬಿಲ್ಲಿನಲ್ಲಿ ಕಳೆಯಲಾಗುವುದು" ಎಂದು ಒಂದೊಂದಕ್ಕೂ ಬರೆದೆ. ಕಡಿಮೆಯಾದರೆ ಕಳೆಯುತ್ತೇನೆ ಎಂಬ ಮಾತು ಇಲ್ಲದಿದ್ದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ.

ವಾರ್ಡ್‌ರೋಬ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಚದರಡಿ ದರದಲ್ಲಿ ಕೊಟೇಶನ್ ಕೊಟ್ಟು ಜನ ಮೋಸಹೋಗುವುದು ಇಲ್ಲೇ. ಏಳಡಿ ಅಗಲ, ಏಳಡಿ ಎತ್ತರ ಎಂದರೆ ಮುಂಭಾಗ 49 ಚದರಡಿ. ಆದರೆ ಪ್ಲೈವುಡ್ ಮುಂಭಾಗಕ್ಕಷ್ಟೇ ಬೀಳುವುದಿಲ್ಲ. ಎರಡು ಬದಿ, ಎರಡು ನಡುಗೋಡೆ, ಮೇಲೊಂದು ಕೆಳಗೊಂದು, ಹೀಗೆ ಏಳಡಿಯ ಆರು ತುಂಡು. ಆಳ 24 ಇಂಚು ಇದ್ದರೆ, ಗರಗಸಕ್ಕೆ ಹೋಗುವ ಎಳೆಯಷ್ಟು ಬಿಟ್ಟು, 8 ಅಡಿ ಉದ್ದ 4 ಅಡಿ ಅಗಲದ ಒಂದು ಹಾಳೆಯಲ್ಲಿ ಎರಡು ತುಂಡು ಬರುತ್ತವೆ. ಆರು ತುಂಡಿಗೆ ಮೂರು ಹಾಳೆ, ಬಟ್ಟೆ ಇಡುವ ಹನ್ನೆರಡು ಅರೆಗೆ ಎರಡು, ಬಾಗಿಲುಗಳಿಗೆ ಎರಡು, ಒಟ್ಟು ಏಳು. ಮನೆಯ ಅಕ್ಕಾರು "ಹ್ಯಾಂಗರ್ ತಾಗತಾವ್ರಿ, ಇನ್ನೆರಡು ಇಂಚ್ ಆಳ ಮಾಡ್ರಿ" ಅಂದರು. ಕೇಳಿದರೆ ಎರಡೇ ಇಂಚು. ಆದರೆ 26 ಇಂಚಿನ ತುಂಡು ಒಂದು ಹಾಳೆಗೆ ಒಂದೇ ಬರುತ್ತದೆ. ಮೂರಿದ್ದ ಹಾಳೆ ಆರಾಗುತ್ತದೆ. ಉಳಿಯುವ 22 ಇಂಚಿನ ಪಟ್ಟಿಗಳಲ್ಲಿ ಅರೆಗಳನ್ನು ತೆಗೆದರೂ ಒಟ್ಟು ಏಳಿದ್ದದ್ದು ಎಂಟು. ಅರೆಗಳೂ ಪೂರ್ತಿ ಆಳ ಬೇಕೆಂದರೆ ಹನ್ನೆರಡು. ಮುಂಭಾಗ ಮಾತ್ರ ಅದೇ 49 ಚದರಡಿ, ಚದರಡಿ ದರದವನಿಗೆ ಒಂದು ಪೈಸೆ ಜಾಸ್ತಿ ಸಿಗುವುದಿಲ್ಲ. ನಾನು ಕಾಗದದ ಮೇಲೆ ಹಾಳೆ ಗೆರೆ ಹಾಕಿ ತೋರಿಸಿದೆ. ಅಕ್ಕಾರಿಗೆ ಕೂಡಲೇ ತಿಳಿಯಿತು, ಸೀರೆಯ ಬ್ಲೌಸ್ ಪೀಸಿನ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆಳ 24 ಇಂಚೇ ಉಳಿಯಿತು, ಹ್ಯಾಂಗರಿನ ಸಳಿಯನ್ನು ಸ್ವಲ್ಪ ಓರೆಯಾಗಿ ಕೂಡಿಸಿದೆವು.

ಒಡೆದ ಕಲ್ಲು-ಇಟ್ಟಿಗೆ ಸಾಗಿಸಲು ಟ್ರ್ಯಾಕ್ಟರ್ ಟ್ರಿಪ್ಪಿಗೆ 7 ಸಾವಿರ ಬಿಟ್ಟುಹೋಗಿತ್ತು, ಅದನ್ನು ಸೇರಿಸಿದೆ. ಗೋಡೆಯ 9, ವೈರಿಂಗಿನ 14, ಇದರ 7 ಕೂಡಿ 30 ಸಾವಿರ ಏರಿ ನೇರ ಖರ್ಚು 6,30,000 ಆಯಿತು. ಕೆಲಸಕ್ಕೆ 60 ದಿನ ಹಿಡಿದರೆ ದಿನಕ್ಕೆ 1,250ರಂತೆ 75,000. ನನ್ನವರ ಕೈತಪ್ಪು, ಒಡೆದುಹೋಗುವ ಟೈಲ್ಸ್, ನಡುವೆ ಏರುವ ದರ ಇವುಗಳಿಗೆಂದು 15,000 ಇಟ್ಟೆ. ಕಾಣದ ಪೈಪಿಗೆ ಬೇರೆ ದರ ಬರೆದದ್ದರಿಂದ ಈ ಗಂಟು ಇಷ್ಟು ಸಣ್ಣದಿದ್ದರೂ ನಡೆಯಿತು. ಕೂಡಿಸಿದಾಗ ಬಂದದ್ದು 7,20,000. ಮೊದಲ ರಾತ್ರಿ ಲಾಭ ಹಿಡಿದು ಹೇಳಬೇಕೆಂದಿದ್ದ ಬೆಲೆ ಇದೇ. ಈಗ ಅದು ಬರೀ ಖರ್ಚು.

ಲಾಭ ಬೆಲೆಯ 12 ಪರ್ಸೆಂಟ್ ಇರಬೇಕೆಂದರೆ ಖರ್ಚಿನ ಮೇಲೆ 12 ಹಾಕಿದರೆ ಸಾಲದು. ಬೆಲೆಯ 88 ಪಾಲು ಖರ್ಚು ಎಂದು ಹಿಡಿದು 7,20,000ವನ್ನು 0.88ರಿಂದ ಭಾಗಿಸಬೇಕು. 8,18,000 ಬಂತು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಎಂದು ಬೆಲೆಯ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ ಬರೆದೆ. ಇದನ್ನು ಬರೆಯದೆ ಬಿಟ್ಟು, ಆಮೇಲೆ ಮನೆಯವರು "ಎಲ್ಲಾ ಸೇರೇ ಅಲ್ಲೇನ್ರಿ" ಅಂದರೆ 8,18,000ದಲ್ಲಿ ನಮ್ಮ ಪಾಲಿಗೆ ಉಳಿಯುವುದು 6,93,000. ಅದು ಖರ್ಚಿಗಿಂತ ಕಡಿಮೆ.

ಯಜಮಾನರು ಕಾಗದ ನೋಡಿ ಕನ್ನಡಕ ತೆಗೆದರು. "ಅಲ್ರೀ, ಇನ್ನೊಬ್ರು ಏಳೂ ನಲವತ್ತಕ್ಕ ಮಾಡ್ತೀನಿ ಅಂದಾರ. ನಿಮ್ದ್ಯಾಕ ಇಷ್ಟ?"

"ಅವರು ಟೈಲ್ಸ್ ಒಡದು ನೋಡ್ಯಾರೇನ್ರಿ ಯಜಮಾನ್ರ?"

"ಇಲ್ಲ, ಅವರು ಫೋಟೋ ತಗೊಂಡು ಹೋದ್ರು."

ನಾನು ಮತ್ತೇನೂ ಹೇಳಲಿಲ್ಲ. ಅವರೇ ಒಂದು ಗಳಿಗೆ ಸುಮ್ಮನಿದ್ದು, "ಆತು, ಎಂಟಕ್ಕ ಮುಗಸ್ರಿ, ರೌಂಡ್ ಫಿಗರ್" ಅಂದರು. ಹದಿನೆಂಟು ಸಾವಿರ ಬಿಡುವುದು ಎಂಟು ಲಕ್ಷದಲ್ಲಿ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ಅದು ಹೋಗುವುದು ಎಂಟು ಲಕ್ಷದಿಂದಲ್ಲ, 98 ಸಾವಿರದ ಲಾಭದಿಂದ. ಸುಮಾರು ಐದರಲ್ಲೊಂದು ಪಾಲು. ಬೆಲೆ ಇಳಿಸುವ ಬದಲು ಕೆಲಸ ಇಳಿಸಿದೆ. ಟಿವಿಯ ಹಿಂದಿನ ಪಟ್ಟಿ ಪಟ್ಟಿಯ ಪ್ಯಾನೆಲ್ ತೆಗೆದು, ಅಲ್ಲಿ ಬೇರೆ ಬಣ್ಣ ಹಚ್ಚೋಣ ಅಂದೆ. ಅದರ ಖರ್ಚು 16 ಸಾವಿರ ಇತ್ತು. ಬೆಲೆ 8 ಲಕ್ಷ, ಖರ್ಚು 7,04,000, ಲಾಭ 96 ಸಾವಿರ, ಮೊದಲಿನ ಅದೇ 12 ಪರ್ಸೆಂಟ್. ಯಜಮಾನರಿಗೂ ರೌಂಡ್ ಫಿಗರ್ ಸಿಕ್ಕಿತು.

ಕಂತುಗಳಲ್ಲಿ ಒಂದೇ ವಿಷಯಕ್ಕೆ ಹಟ ಹಿಡಿದೆ. ಅವರು ಕೊನೆಯ ಕಂತು 15 ಪರ್ಸೆಂಟ್ ಇರಲಿ ಅಂದರು. ಅಂದರೆ 1,20,000, ನನ್ನ ಇಡೀ ಲಾಭಕ್ಕಿಂತ ಜಾಸ್ತಿ. ಯಾವುದೋ ಒಂದು ಹಿಡಿಕೆ ಸಡಿಲವಾಯಿತೆಂದು ಅದು ನಿಂತರೆ ನನ್ನ ಲಾಭವೆಲ್ಲ ಅವರ ಮನೆಯಲ್ಲೇ ಕೂರುತ್ತದೆ. ಮಾತಾಡಿ 5 ಪರ್ಸೆಂಟಿಗೆ, ಅಂದರೆ 40 ಸಾವಿರಕ್ಕೆ ತಂದೆ. ಉಳಿದದ್ದನ್ನು ಕೆಲಸದ ಹಂತಕ್ಕೆ ಕಟ್ಟಿದೆ, ತಾರೀಖಿಗಲ್ಲ.

ಕೆಲಸ ಶುರುವಾದ ಐದನೇ ದಿನ ಸಿಂಕಿನ ಗೋಡೆ ಒಡೆದೆವು. ಪೈಪು ಬಚ್ಚಲಿನ ಕಡೆ ತಿರುಗುವಲ್ಲಿ ಕೂದಲೆಳೆಯಷ್ಟು ಸೀಳಿತ್ತು, ಹಾಳೆಗೆ ಹನಿ ಕೂತದ್ದು ಅದರಿಂದಲೇ. ಯಜಮಾನರೇ ಟೇಪಿನ ಇನ್ನೊಂದು ತುದಿ ಹಿಡಿದರು. 30 ಅಡಿ, 8,400 ರೂಪಾಯಿ. ಸಹಿ ಮಾಡಿಕೊಟ್ಟರು, ಒಂದು ಮಾತು ಬರಲಿಲ್ಲ. ಕೊಟೇಶನ್ ಕೊಡುವ ಮೊದಲು ಎರಡು ದಿನ ಅಂಟಿಸಿಟ್ಟ ಪ್ಲಾಸ್ಟಿಕ್ ಹಾಳೆ ನನಗೆ ಕೊಟ್ಟದ್ದು ಎಷ್ಟೆಂದು ಆ ಹೊತ್ತಿಗೆ ಲೆಕ್ಕ ಹಾಕಬಹುದಿತ್ತು, ಹಾಕಲಿಲ್ಲ.

ಎರಡನೆಯ ಪರೀಕ್ಷೆ ಅಟ್ಟದ್ದು. ನಾನು ಗದಗಕ್ಕೆ ಹೋಗಿದ್ದ ದಿನ ಅಕ್ಕಾರು ಬಡಿಗ್ಯಾರನ್ನು ಕರೆದು "ವಾರ್ಡ್‌ರೋಬ್ ಮ್ಯಾಲೆ ಅಟ್ಟಕ್ಕ ಬಾಗಲಾ ಮಾಡಿಬಿಡಪಾ, ಹಾಸಗಿ ಇಡಾಕ ಬೇಕು" ಅಂದಿದ್ದರು. ಹಿಂದಿನ ಕೆಲಸದಲ್ಲಾಗಿದ್ದರೆ ಬಡಿಗ್ಯಾರು ಅಲ್ಲೇ ಹಾಳೆ ಕೊಯ್ದುಬಿಡುತ್ತಿದ್ದರು. ಈ ಸಲ ಅವರಿಗೆ ಮೊದಲೇ ಹೇಳಿಟ್ಟಿದ್ದೆ: ಹೊಸ ಕೆಲಸ ಯಾರೇ ಹೇಳಲಿ, ಚೀಟಿ ಕಾಣದೆ ಮಷಿನ್ ಹಚ್ಚಿದರೆ ಕೂಲಿ ಇಲ್ಲ. ಬಡಿಗ್ಯಾರು ನನಗೆ ಫೋನ್ ಮಾಡಿದರು. ಸಂಜೆ ಬಂದು ಚೀಟಿ ಬರೆದೆ, 22,500 ರೂಪಾಯಿ ಮತ್ತು 4 ದಿನ. ಬಹಳ ಜನ ಹೆಚ್ಚುವರಿ ಕೆಲಸಕ್ಕೆ ಮಾಲು-ಕೂಲಿ ಬರೆಯುತ್ತಾರೆ, ದಿನ ಬರೆಯುವುದಿಲ್ಲ. ಈ ಬೆಲೆಯಲ್ಲಿ ಆ ನಾಲ್ಕು ದಿನದ 5 ಸಾವಿರವೂ ಇತ್ತು.

ಇನ್ನು ಸೋರಿದ್ದು. ಗ್ರಾನೈಟ್ ಬಣ್ಣ ಮಗಳಿಗೆ ತೋರಿಸದೆ ಒಪ್ಪುವುದಿಲ್ಲ ಎಂದು ಅಕ್ಕಾರು ಕೂತರು. ಫೋಟೋ ಪುಣೆಗೆ ಹೋಯಿತು, ಬಂತು, ಮತ್ತೆ ಹೋಯಿತು. ಏಳು ದಿನ ಕಟ್ಟೆಯ ಕೆಲಸ ನಿಂತಿತು, 8,750 ನನ್ನದೇ ಹೋಯಿತು. ಆಯ್ಕೆ ತಡವಾದರೆ ದಿನದ ಲೆಕ್ಕ ಬೀಳುತ್ತದೆ ಎಂದು ಕೊಟೇಶನ್ನಿನಲ್ಲಿ ಬರೆದಿದ್ದೆ, ಆದರೆ ಯಾವ ವಸ್ತು ಯಾವ ತಾರೀಖಿನೊಳಗೆ ಎಂದು ಬರೆದಿರಲಿಲ್ಲ. ತಾರೀಖಿಲ್ಲದ ಷರತ್ತನ್ನು, ಬಸುರಿ ಮಗಳ ಹೆಸರು ಹೇಳುವ ತಾಯಿಯ ಎದುರು ಓದಿ ತೋರಿಸಲು ನನ್ನ ಕೈಲಾಗಲಿಲ್ಲ.

ಬಣ್ಣದ್ದು ಪೂರ್ತಿ ನನ್ನ ತಪ್ಪು. ಗೋಡೆಗಳ ಮೇಲೆ ಹಳೆಯ ಡಿಸ್ಟೆಂಪರ್ ಪದರು ಪದರಾಗಿ ಕೂತಿತ್ತು. ಮೇಲೆ ನೋಡಲು ಗಟ್ಟಿ. ಪುಟ್ಟಿ ಹಚ್ಚಿದ ಮರುದಿನ ಅದನ್ನೂ ಕರೆದುಕೊಂಡು ಕಳಚಿ ಬಿತ್ತು. ಇಡೀ ಮನೆ ಕೆರೆದು, ಪ್ರೈಮರ್ ಹಚ್ಚಿ, ಮತ್ತೆ ಎರಡು ಕೈ ಪುಟ್ಟಿ. 14 ಸಾವಿರ ಹೆಚ್ಚು. ಅಡಿಗೆಮನೆಯ ಗೋಡೆಗೆ ಇಷ್ಟೆಲ್ಲ ಪರೀಕ್ಷೆ ಮಾಡಿದವನು ಹಾಲಿನ ಗೋಡೆಗೆ ಒಂದು ಒದ್ದೆ ಬಟ್ಟೆ ಉಜ್ಜಿ ನೋಡಿರಲಿಲ್ಲ. ಬಟ್ಟೆಗೆ ಬಣ್ಣ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಇದಕ್ಕೆ ಜೊತೆಯಾಗಿ 4 ಸಾವಿರದ ಲ್ಯಾಮಿನೇಟ್ ಇಳಿಸುವಾಗ ಮುರಿಯಿತು. 15 ಸಾವಿರದ ಗಂಟು ಖಾಲಿಯಾಗಿ ಮೇಲೆ 3 ಸಾವಿರ ಹೋಯಿತು.

60 ದಿನದ ಕೆಲಸಕ್ಕೆ 71 ದಿನ ಹಿಡಿಯಿತು. ಅಟ್ಟ ಮತ್ತು ಪೈಪಿನ ಕೆಲಸದಿಂದ ಬಂದ ಮೂರೂವರೆ ಸಾವಿರ ಚಿಲ್ಲರೆ ಸೇರಿಸಿ, ಸೋರಿದ್ದನ್ನು ಕಳೆದು, ಕೊನೆಗೆ ಉಳಿದದ್ದು 88 ಸಾವಿರದ ಆಸುಪಾಸು. ಮೊದಲ ರಾತ್ರಿಯ 7,20,000ಕ್ಕೇ ಒಪ್ಪಿಕೊಂಡಿದ್ದರೆ, ಅಟ್ಟ ಮತ್ತು ಪೈಪನ್ನು ಲೆಕ್ಕದಿಂದ ಬಿಟ್ಟರೂ, ಹನ್ನೆರಡು ಸಾವಿರ ಕೈಯಿಂದ ಹಾಕಬೇಕಿತ್ತು.

ಕೊನೆಯ 40 ಸಾವಿರ ಕುಬುಸದ ಮರುದಿನ ಬಂತು, ಜೊತೆಗೆ ಒಂದು ಡಬ್ಬಿ ಉಂಡಿ. ಹೊರಡುವಾಗ ಯಜಮಾನರು ಮೇಲಿನ ಮಹಡಿಯ ಬಚ್ಚಲಿಗೆ ಎಷ್ಟಾದೀತು ಅಂತ ಕೇಳಿದರು. ನಾಳೆ ಸುತ್ತಿಗೆ ತಗೊಂಡು ಬರ್ತೀನ್ರಿ, ಆಮೇಲೆ ಹೇಳ್ತೀನಿ ಅಂದೆ.